ಲೇಬಲ್ಲಿನ 32 ಇಂಚಿನ 32 ಅಲ್ಲ: ಆನ್‌ಲೈನ್ ಬಟ್ಟೆಗೆ ಅಳತೆ ಹಿಡಿಯುವುದು ಹೇಗೆ

ನನ್ನ ಅಕ್ಕನ ಮಗ ಸಿಂಧನೂರಿನಲ್ಲಿದ್ದಾನೆ. ದೀಪಾವಳಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ಜೀನ್ಸ್ ತರಿಸಿದ್ದ. ಸೈಜ್ 32. ಎಷ್ಟು ಉಸಿರು ಬಿಗಿಹಿಡಿದರೂ ಬಟನ್ ಹತ್ತಲಿಲ್ಲ. ವಾಪಸ್ ಕಳಿಸಿ 34 ತರಿಸಿದ. ಈ ಸಲ ಬಟನ್ ಹತ್ತಿತು, ಆದರೆ ಬೈಕ್ ಮೇಲೆ ಕೂತರೆ ಹಿಂದಿನಿಂದ ಜಾರುತ್ತದೆ. ಆಮೇಲೆ ನನಗೆ ಫೋನ್ ಮಾಡಿದ.

"ಮಾಮಾ, ನೀವು ಬಳ್ಳಾರಿಯಾಗ ದಿನಾ ಜೀನ್ಸ್ ಕಟಿಂಗ್ ಮಾಡ್ತೀರಿ. ನನ್ನ ಹಳೇ ಪ್ಯಾಂಟಿನ ಮ್ಯಾಲೂ 32 ಅಂತನ ಐತಿ, ಅದು ಆರಾಮ ಆಗ್ತದ. ಇದ್ಯಾಕ ಹತ್ತವಲ್ದು?"

"ಹಳೇ ಪ್ಯಾಂಟಿಗೆ ಟೇಪು ಹಿಡಿದು ನೋಡಿದ್ಯಾ?" ಅಂದೆ.

"ಅದಕ್ಯಾಕ ಟೇಪು? ಮ್ಯಾಲೆ ಬರದೈತಲ್ಲ."

ತಪ್ಪಾಗಿದ್ದೇ ಅಲ್ಲಿ. ಆ ಹಳೇ ಪ್ಯಾಂಟನ್ನು ಅಳೆದಾಗ ಸೊಂಟ 34 ಇಂಚು ಬಂತು. ಬರೆದದ್ದು 32, ಇದ್ದದ್ದು 34.

ಲೇಬಲ್ಲಿನ ನಂಬರ್ ಯಾಕೆ ಹೀಗೆ

ಕಂಪನಿ ಮೋಸ ಮಾಡಿದೆ ಅಂತ ತಕ್ಷಣ ಅಂದುಕೊಳ್ಳಬೇಡಿ. ಪ್ಯಾಂಟಿನ ಮೇಲಿನ 32 ಒಂದು ಹೆಸರು ಅಷ್ಟೇ. "ಸೊಂಟ ಸುಮಾರು 32 ಇರುವವರಿಗೆ" ಅನ್ನುವ ಅರ್ಥದಲ್ಲಿ ಹಾಕುತ್ತಾರೆ. ಅದರ ಮೇಲೆ ಎಷ್ಟು ಲೂಸ್ ಬಿಡಬೇಕು ಅನ್ನುವುದು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಕೆಲವರು ಒಂದು ಇಂಚು ಬಿಡುತ್ತಾರೆ, ಕೆಲವರು ಎರಡು. ಗಿರಾಕಿಗೆ "ನಾನು ಇನ್ನೂ 32ರಲ್ಲೇ ಇದ್ದೀನಿ" ಅಂತ ಖುಷಿಯಾಗಲಿ ಎಂದು ಬೇಕಂತಲೇ ದೊಡ್ಡದು ಮಾಡಿ ಸಣ್ಣ ನಂಬರ್ ಹಾಕುವವರೂ ಇದ್ದಾರೆ.

ನಮ್ಮ ಕಟಿಂಗ್ ಟೇಬಲ್ಲಿನಿಂದ ನೋಡಿದರೆ ಇನ್ನೂ ಒಂದು ಕಾರಣ ಇದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿದ ಮೇಲೆ ವಾಷಿಂಗ್‌ಗೆ ಹೋಗುತ್ತದೆ. ಕಟ್ ಮಾಡುವಾಗ ಬಟ್ಟೆ ಇನ್ನೂ ನೀರು ಕಂಡಿರುವುದಿಲ್ಲ. ಅದು ಎಷ್ಟು ಕುಗ್ಗುತ್ತದೆ ಅಂತ ಮೊದಲು ಒಂದು ತುಂಡು ತೊಳೆದು ನೋಡಿ, ಅಷ್ಟನ್ನು ಪ್ಯಾಟರ್ನಿಗೆ ಸೇರಿಸಿ ಕಟ್ ಮಾಡುತ್ತೇವೆ. ಬಟ್ಟೆಯ ಒಂದು ಲಾಟ್ ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಕಪ್ಪು ಬಣ್ಣದ್ದನ್ನು ಹಗುರವಾಗಿ ತೊಳೆಯುತ್ತಾರೆ. ತಿಳಿನೀಲಿ ಬರಬೇಕಾದರೆ ಅದೇ ಮಾಡೆಲ್ಲಿನ ನೀಲಿ ಪ್ಯಾಂಟು ಮಷೀನಿನಲ್ಲಿ ಜಾಸ್ತಿ ಹೊತ್ತು ತಿರುಗಬೇಕು. ಹಾಗಾಗಿ ಒಂದೇ ಕಂಪನಿಯ, ಒಂದೇ ಮಾಡೆಲ್ಲಿನ, ಒಂದೇ 32ರ ಕಪ್ಪು ಪ್ಯಾಂಟಿಗೂ ತಿಳಿನೀಲಿಗೂ ಅರ್ಧ ಇಂಚು ವ್ಯತ್ಯಾಸ ಬರಬಹುದು. ಬಟ್ಟೆಯನ್ನು ಒಂದರ ಮೇಲೊಂದು ಹತ್ತಾರು ಪದರ ಹಾಸಿ ಒಟ್ಟಿಗೆ ಕಟ್ ಮಾಡುವಾಗ ಬ್ಲೇಡು ಸ್ವಲ್ಪ ವಾಲಿದರೆ ಮೇಲಿನ ಪದರಕ್ಕೂ ಕೆಳಗಿನದಕ್ಕೂ ವ್ಯತ್ಯಾಸ ಆಗುತ್ತದೆ. ಸೊಂಟದಲ್ಲಿ ಅರ್ಧ ಇಂಚು ಆಚೆ ಈಚೆ ಆದರೆ ಚೆಕಿಂಗ್‌ನಲ್ಲಿ ಪಾಸ್ ಮಾಡುವುದು ವಾಡಿಕೆ.

ಆದ್ದರಿಂದ "ನನ್ನ ಸೈಜ್ ಯಾವುದು" ಅಂತ ಕೇಳಬೇಡಿ. "ನನಗೆ ಎಷ್ಟು ಇಂಚಿನ ಬಟ್ಟೆ ಆಗುತ್ತದೆ" ಅಂತ ಕೇಳಿ. ಅದಕ್ಕೆ ಉತ್ತರ ನಿಮ್ಮ ಮನೆಯ ಬೀರುವಿನಲ್ಲೇ ಇದೆ.

ಮೊದಲು ಟೇಪನ್ನೇ ಪರೀಕ್ಷೆ ಮಾಡಿ

ಟೈಲರ್ ಟೇಪು 60 ಇಂಚಿನದು, ಹಿಂದಿನ ಬದಿ 150 ಸೆಂಟಿಮೀಟರ್. ಹತ್ತಾರು ವರ್ಷದಿಂದ ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಬಿದ್ದಿರುವ ಟೇಪು ಆಗಿದ್ದರೆ ನಂಬಬೇಡಿ. ಬಟ್ಟೆಯ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ. ಮಕ್ಕಳ 30 ಸೆಂಟಿಮೀಟರ್ ಸ್ಕೇಲನ್ನು ಪಕ್ಕದಲ್ಲಿಟ್ಟು ನೋಡಿ. ಮೊದಲ 30, ಆಮೇಲಿನ 30, ಅದರ ಮುಂದಿನ 30, ಮೂರೂ ಸರಿಯಾಗಿ ಕೂತರೆ ಟೇಪು ಒಳ್ಳೆಯದು. ತುದಿಯ ತಗಡು ಕಿತ್ತುಹೋಗಿದ್ದರೆ ಸೊನ್ನೆ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಆಗ ಒಂದನೇ ಇಂಚಿನ ಗೆರೆಯಿಂದ ಹಿಡಿದು, ಕೊನೆಗೆ ಒಂದು ಇಂಚು ಕಳೆಯಿರಿ. ಕಳೆಯುವುದನ್ನು ಮರೆತು ಒಂದು ಸೈಜ್ ಮೇಲೆ ಹೋದವರನ್ನು ನೋಡಿದ್ದೇನೆ.

ಟೇಪೇ ಇಲ್ಲದಿದ್ದರೆ ದಪ್ಪ ದಾರ ಸುತ್ತಿ ಗುರುತು ಮಾಡಿ ಸ್ಕೇಲಿನ ಮೇಲಿಟ್ಟು ಅಳೆಯಬಹುದು. ಎಳೆದರೆ ಹಿಗ್ಗುವ ದಾರ ಬೇಡ.

ಪ್ಯಾಂಟಿಗೆ: ನಿಮಗೆ ಚೆನ್ನಾಗಿ ಆಗುವ ಹಳೇ ಪ್ಯಾಂಟು ಅಳೆಯಿರಿ

ಜೀನ್ಸಿಗೆ ಮೈ ಅಳತೆಗಿಂತ ಬಟ್ಟೆಯ ಅಳತೆಯನ್ನೇ ನಾನು ಹೆಚ್ಚು ನಂಬುತ್ತೇನೆ. ಪ್ಯಾಂಟನ್ನು ಸೊಂಟದಲ್ಲಿ ಎಲ್ಲಿ ಕಟ್ಟುತ್ತೀರಿ, ಎಷ್ಟು ಬಿಗಿ ಬೇಕು ಅನ್ನುವುದೆಲ್ಲ ಆ ಹಳೇ ಪ್ಯಾಂಟಿನಲ್ಲೇ ಇರುತ್ತದೆ. ಇರುವುದರಲ್ಲಿ ಹಾಕಿಕೊಂಡು ದಿನವಿಡೀ ಆರಾಮಾಗಿರುವ ಒಂದನ್ನು ಆರಿಸಿ. ಹಬ್ಬಕ್ಕೆ ಮಾತ್ರ ಹಾಕುವ, ಹೊಟ್ಟೆ ಒಳಗೆ ಎಳೆದುಕೊಂಡು ಹಾಕುವ ಪ್ಯಾಂಟು ಬೇಡ. ಒಗೆದು ಒಣಗಿದ್ದೇ ಆಗಬೇಕು. ಎರಡು ದಿನ ಹಾಕಿದ ಜೀನ್ಸ್ ಸೊಂಟದಲ್ಲಿ ಸ್ವಲ್ಪ ಹಿಗ್ಗಿರುತ್ತದೆ.

ಬಟನ್, ಜಿಪ್ ಹಾಕಿ ಪ್ಯಾಂಟನ್ನು ನೆಲದ ಮೇಲೋ ಮಂಚದ ಹಲಗೆಯ ಮೇಲೋ ಹಾಸಿ. ಹಾಸಿಗೆ ಮೇಲೆ ಬೇಡ, ಮೆತ್ತಗಿನ ಜಾಗದಲ್ಲಿ ಬಟ್ಟೆ ಕುಸಿಯುತ್ತದೆ. ಕೈಯಿಂದ ಸುಕ್ಕು ಸರಿಮಾಡಿ, ಆದರೆ ಎಳೆಯಬೇಡಿ. ಈಗ ನಾಲ್ಕು ಅಳತೆ ಬೇಕು.

ಮೊದಲನೆಯದು ಸೊಂಟ. ಜೀನ್ಸಿನ ಸೊಂಟದ ಪಟ್ಟಿಗೆ ನಾವು ಬೆಲ್ಟು ಅನ್ನುತ್ತೇವೆ, ಮುಂದಿನ ಬೆಲ್ಟು ಹಿಂದಿನದಕ್ಕಿಂತ ಸ್ವಲ್ಪ ಕೆಳಗೆ ಬಾಗಿರುತ್ತದೆ. ಎರಡನ್ನೂ ಒಂದೇ ಮಟ್ಟಕ್ಕೆ ತಂದು, ಈ ಅಂಚಿನಿಂದ ಆ ಅಂಚಿಗೆ ನೇರ ಅಳೆದು ಎರಡರಿಂದ ಗುಣಿಸಿ. ನನ್ನ ಅಳಿಯನದು 17 ಇಂಚು ಬಂತು, ಅಂದರೆ ಸೊಂಟ 34.

ಎರಡನೆಯದು ರೈಸ್. ಎರಡು ಕಾಲು ಸೇರುವ ಹೊಲಿಗೆಯಿಂದ ಮುಂದಿನ ಬೆಲ್ಟಿನ ಮೇಲಂಚಿನವರೆಗೆ. ಇದನ್ನು ಅಳೆಯುವವರೇ ಕಡಿಮೆ, ಬಹಳ ಜನ ಪ್ಯಾಂಟು ಸರಿಯಾಗಲಿಲ್ಲ ಅಂತ ಬೈಯುವುದು ಇದರಿಂದಲೇ. ರೈಸ್ 10 ಇದ್ದರೆ ಪ್ಯಾಂಟು ಹೊಕ್ಕುಳಿನ ಸ್ವಲ್ಪ ಕೆಳಗೆ ಕೂರುತ್ತದೆ. 8.5 ಇದ್ದರೆ ಇನ್ನೂ ಒಂದೂವರೆ ಇಂಚು ಕೆಳಗೆ, ಸೀಟು ಅಂದರೆ ಮೈಯ ಹಿಂಭಾಗ ಅಗಲವಾಗುವ ಕಡೆ ಕೂರುತ್ತದೆ. ಅಲ್ಲಿ ನಿಮ್ಮ ಸುತ್ತಳತೆಯೇ ಬೇರೆ. ಅದಕ್ಕೇ ಸೊಂಟ 34 ಅಂತ ಎರಡು ಪ್ಯಾಂಟಿಗೂ ಬರೆದಿದ್ದರೂ ರೈಸ್ ಬೇರೆ ಇದ್ದರೆ ಎರಡೂ ಒಂದೇ ಥರ ಆಗುವುದಿಲ್ಲ.

ಮೂರನೆಯದು ತೊಡೆ. ಕಾಲು ಸೇರುವ ಹೊಲಿಗೆಯಿಂದ ಒಂದು ಇಂಚು ಕೆಳಗೆ, ಒಂದು ಕಾಲನ್ನು ಅಡ್ಡ ಅಳೆದು ಎರಡರಿಂದ ಗುಣಿಸಿ. ಹೊಲಕ್ಕೆ, ಜಿಮ್ಮಿಗೆ ಹೋಗಿ ತೊಡೆ ಗಟ್ಟಿಯಾದ ಹುಡುಗರಿಗೆ ಸೊಂಟಕ್ಕಿಂತ ಮೊದಲು ಬಿಗಿಯಾಗುವುದು ಇದೇ.

ನಾಲ್ಕನೆಯದು ಒಳಗಾಲಿನ ಉದ್ದ. ಕಾಲು ಸೇರುವ ಹೊಲಿಗೆಯಿಂದ ಒಳಬದಿಯ ಹೊಲಿಗೆಗುಂಟ ಕೆಳಗಿನ ಅಂಚಿನವರೆಗೆ. ಇಲ್ಲಿ ನಮ್ಮ ಕಡೆಯವರು ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಊರ ಟೈಲರ್ "ಉದ್ದ 39" ಅಂತ ಬರೆದುಕೊಳ್ಳುವುದು ಹೊರಬದಿಯ ಪೂರ್ತಿ ಉದ್ದ, ಬೆಲ್ಟಿನಿಂದ ಕೆಳಗಿನವರೆಗೆ. ಆನ್‌ಲೈನ್‌ನಲ್ಲಿ Inseam Length ಅಂತ ಇರುವುದು ಒಳಗಾಲಿನದು. "ನನಗೆ 39 ಬೇಕು, ಇಲ್ಲಿ ಬರೀ 32 ಇದೆ, ಗಿಡ್ಡ ಆಗುತ್ತದೆ" ಅಂತ ಹೆದರಿ ಬಿಟ್ಟವರಿದ್ದಾರೆ. ಹೊರ ಉದ್ದದಲ್ಲಿ ರೈಸ್ ಕಳೆದರೆ ಹೆಚ್ಚುಕಮ್ಮಿ ಒಳಗಾಲಿನ ಉದ್ದ ಸಿಗುತ್ತದೆ. 39ರಲ್ಲಿ 10 ಕಳೆದರೆ 29. ಅವರಿಗೆ 32 ಉದ್ದವೇ ಆಗುತ್ತದೆ, ಗಿಡ್ಡ ಅಲ್ಲ.

ಈ ನಾಲ್ಕನ್ನೂ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಒಂದು ಸಲ ಅಳೆದರೆ ಮೈ ಬದಲಾಗುವವರೆಗೆ ಅದೇ ಸಾಕು.

ಚಾರ್ಟಿನಲ್ಲಿರುವುದು ಮೈ ಅಳತೆಯೋ, ಬಟ್ಟೆ ಅಳತೆಯೋ

ಇದೊಂದು ಗೊತ್ತಾದರೆ ಸೈಜ್ ಚಾರ್ಟಿನ ಅರ್ಧ ತಲೆನೋವು ಹೋಯಿತು. ಕೆಲವು ಚಾರ್ಟು ನಿಮ್ಮ ಮೈ ಎಷ್ಟಿದ್ದರೆ ಯಾವ ಸೈಜ್ ಅಂತ ಹೇಳುತ್ತವೆ. ಇನ್ನು ಕೆಲವು ಬಟ್ಟೆಯೇ ಎಷ್ಟಿದೆ ಅಂತ ಹೇಳುತ್ತವೆ. ಒಂದೇ ಪಟ್ಟಿಯಲ್ಲಿ ಎರಡೂ ಅಕ್ಕಪಕ್ಕ ಇರುವುದೂ ಉಂಟು.

To Fit Waist, To Fit Bust ಅಂತ ಇದ್ದರೆ ಅದು ಮೈ ಅಳತೆ. ಲೂಸ್ ಎಷ್ಟು ಬಿಡಬೇಕೋ ಕಂಪನಿಯೇ ಬಿಟ್ಟಿರುತ್ತದೆ, ನೀವು ಮತ್ತೆ ಸೇರಿಸಬಾರದು. Garment Measurement ಅಂತ ಇದ್ದರೆ ಅದು ಬಟ್ಟೆಯದು. ಲೂಸ್ ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಬೇಕು.

ಏನೂ ಬರೆಯದೆ ಬರೀ Waist, Chest ಅಂತ ಇದ್ದರೆ ಪಕ್ಕದ ಕಾಲಂ ನೋಡಿ. ಬಟ್ಟೆಯ ಉದ್ದ, ತೋಳಿನ ಉದ್ದ, ಕಾಲಿನ ಬಾಟಮ್ ಅಂತೆಲ್ಲ ಅದೇ ಸಾಲಿನಲ್ಲಿದ್ದರೆ ಬಹುತೇಕ ಅದು ಬಟ್ಟೆಯನ್ನು ಹಾಸಿ ಅಳೆದದ್ದು. ಮೈಗೆ ಬಾಟಮ್ ಇರುವುದಿಲ್ಲವಲ್ಲ! ಎದೆ 20, 21 ಅಂತ ಇದ್ದರೆ ಗಾಬರಿಯಾಗಬೇಡಿ, ಅದು ಒಂದು ಕಂಕುಳಿನಿಂದ ಇನ್ನೊಂದು ಕಂಕುಳಿಗೆ ಅಡ್ಡ ಅಳೆದ ಅರ್ಧ ಅಳತೆ. ಎರಡರಿಂದ ಗುಣಿಸಿಕೊಳ್ಳಿ. 86, 91, 96 ಅಂತ ಇದ್ದರೆ ಅದು ಸೆಂಟಿಮೀಟರ್. ಮೇಲೆಲ್ಲಾದರೂ in, cm ಅಂತ ಒತ್ತುವ ಬಟನ್ ಇರುತ್ತದೆ. ಇಲ್ಲದಿದ್ದರೆ 2.54ರಿಂದ ಭಾಗಿಸಿ, ಅಥವಾ ಟೇಪನ್ನೇ ತಿರುಗಿಸಿ ನೋಡಿ.

ಚಾರ್ಟು ಒಂದೇ ಇದ್ದು ಹತ್ತು ಥರದ ಬಟ್ಟೆಗೆ ಅದನ್ನೇ ಅಂಟಿಸಿರುವ ಅಂಗಡಿಗಳೂ ಇವೆ. ಟೀಶರ್ಟಿನ ಪುಟದಲ್ಲಿ ಪ್ಯಾಂಟಿನ ಚಾರ್ಟು, ಕುರ್ತಿಯ ಪುಟದಲ್ಲಿ ಬರೀ S, M, L ಅಂತ ಮೂರು ಸಾಲು. ಅಂಥವರ ಹತ್ತಿರ ನಾನು ಕೊಳ್ಳುವುದಿಲ್ಲ. ಬಟ್ಟೆ ಅಳೆಯಲೂ ಪುರುಸೊತ್ತಿಲ್ಲದವರು ಹೊಲಿಗೆ ಹೇಗೆ ನೋಡಿರುತ್ತಾರೆ?

ಅಳಿಯನ ಪ್ಯಾಂಟಿಗೆ ಬರೋಣ

ಅವನ ಹಳೇ ಪ್ಯಾಂಟು: ಸೊಂಟ 34, ರೈಸ್ 10, ತೊಡೆ 23.5, ಒಳಗಾಲು 29.5. ಬೆಲ್ಟು ಕೂರುವ ಜಾಗದಲ್ಲಿ ಅವನ ಮೈ ಅಳತೆ 33.5. ಅಂದರೆ ಅರ್ಧ ಇಂಚು ಲೂಸ್ ಅವನಿಗೆ ಹಿಡಿಸುತ್ತದೆ.

ಮೊದಲು ತರಿಸಿದ ಕಂಪನಿಯ ಚಾರ್ಟನ್ನು ಇಬ್ಬರೂ ವಿಡಿಯೋ ಕಾಲಿನಲ್ಲಿ ಕೂತು ನೋಡಿದೆವು. 32ರ ಸಾಲಿನಲ್ಲಿ To Fit Waist 32, ಬಟ್ಟೆಯ ಸೊಂಟ 33. ಮೈಯೇ 33.5 ಇದ್ದಾಗ 33ರ ಬಟ್ಟೆ ಹೇಗೆ ಹತ್ತಬೇಕು? 34ರ ಸಾಲಿನಲ್ಲಿ ಬಟ್ಟೆಯ ಸೊಂಟ 35, ಅವನಿಗೆ ಬೇಕಾದ್ದಕ್ಕಿಂತ ಒಂದು ಇಂಚು ಜಾಸ್ತಿ. ಅದೇ ಸಾಲಿನಲ್ಲಿ Front Rise 8.5 ಅಂತ ಇತ್ತು. ಅದನ್ನು ಅವನು ನೋಡಿರಲೇ ಇಲ್ಲ. ಸೊಂಟ ಸಡಿಲ, ರೈಸ್ ಗಿಡ್ಡ. ಬೈಕ್ ಮೇಲೆ ಬಗ್ಗಿ ಕೂತರೆ ಜಾರದೆ ಇನ್ನೇನಾಗುತ್ತದೆ? ಆ ಮಾಡೆಲ್ಲಿನಲ್ಲಿ ಅವನಿಗೆ ಆಗುವ ಸೈಜೇ ಇರಲಿಲ್ಲ. 36 ತರಿಸಿದ್ದರೂ ಅಷ್ಟೇ.

ಆಮೇಲೆ ಬೇರೆ ಒಂದನ್ನು ಹುಡುಕಿದೆವು. ಅದರ 32ರ ಸಾಲಿನಲ್ಲಿ ಬಟ್ಟೆಯ ಸೊಂಟ 34, ರೈಸ್ 10, ತೊಡೆ 23.5, ಒಳಗಾಲು 32. ನೋಡಿ, ಮತ್ತೆ 32ಕ್ಕೇ ಬಂತು. ಉದ್ದ ಎರಡೂವರೆ ಇಂಚು ಜಾಸ್ತಿ, ಅದನ್ನು ಊರ ಟೈಲರ್ ಕಟ್ ಮಾಡಿ ಮಡಚಿ ಕೊಡುತ್ತಾರೆ. ಪ್ಯಾಂಟಿನಲ್ಲಿ ಸುಲಭವಾಗಿ ಸರಿಮಾಡಬಹುದಾದ್ದು ಉದ್ದ ಒಂದೇ. ಸೊಂಟ ಒಂದು ಇಂಚು ಹಿಡಿಸಬಹುದು. ಬಿಡಿಸಲು ಜೀನ್ಸಿನ ಒಳಗೆ ಬಟ್ಟೆ ಇರುವುದಿಲ್ಲ. ರೈಸಿಗೆ ಯಾರೂ ಏನೂ ಮಾಡಲಾಗುವುದಿಲ್ಲ. ಹಾಗಾಗಿ ಹೊಂದಿಸುವಾಗ ಮೊದಲು ರೈಸ್, ಆಮೇಲೆ ತೊಡೆ, ಆಮೇಲೆ ಸೊಂಟ, ಕೊನೆಗೆ ಉದ್ದ.

ಕಟ್ ಮಾಡಿಸುವ ಮುಂಚೆ ಒಂದು ಸಲ ಒಗೆದು ಒಣಗಿಸಿ ಅಂತ ಅವನಿಗೆ ಹೇಳಿದೆ. ನೇಯ್ದ ಬಟ್ಟೆ ಸಾಮಾನ್ಯವಾಗಿ ಅಗಲಕ್ಕಿಂತ ಉದ್ದಕ್ಕೆ ಹೆಚ್ಚು ಕುಗ್ಗುತ್ತದೆ. ಇವತ್ತು ಸರಿಯಾಗಿ ಕಟ್ ಮಾಡಿಸಿದ್ದು ಎರಡು ಒಗೆತಕ್ಕೆ ಕಣಕಾಲಿನ ಮೇಲೆ ಬಂದು ನಿಂತರೆ ಯಾರನ್ನು ಬೈಯುವುದು?

ಆದರೆ ಒಗೆಯುವುದು ಪ್ಯಾಂಟು ಇಟ್ಟುಕೊಳ್ಳುವುದು ಖಾತ್ರಿಯಾದ ಮೇಲೆ ಮಾತ್ರ. ಒಗೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಟ್ಟೆ ಹಿಗ್ಗುತ್ತದೋ ಇಲ್ಲವೋ ಅನ್ನುವುದನ್ನೂ ನೋಡಬೇಕು. ಪುಟದ ಕೆಳಗೆ 100% Cotton ಅಂತ ಇದ್ದರೆ ಬಟ್ಟೆಯ ಸೊಂಟ ಮೈಗಿಂತ ಅರ್ಧದಿಂದ ಒಂದು ಇಂಚು ಜಾಸ್ತಿ ಇರಲಿ. 98% Cotton, 2% Elastane ಅಂತ ಇದ್ದರೆ ಅದು ಸ್ಟ್ರೆಚ್. ಅಂಥದ್ದು ಮೈಯಷ್ಟೇ ಇದ್ದರೂ, ಅರ್ಧ ಇಂಚು ಕಡಿಮೆ ಇದ್ದರೂ ಆಗುತ್ತದೆ. ಹಳೇ ಪ್ಯಾಂಟು ಸ್ಟ್ರೆಚ್ ಆಗಿದ್ದು ಹೊಸದು ಗಟ್ಟಿ ಬಟ್ಟೆಯದಾದರೆ ಅಳತೆಯನ್ನು ಹಾಗೇ ನಕಲು ಮಾಡಬೇಡಿ, ಬಿಗಿಯಾಗುತ್ತದೆ.

ಕುರ್ತಿಗೆ ಮೈ ಅಳತೆಯೂ ಬೇಕು

ಕುರ್ತಿಯ ವಿಷಯಕ್ಕೆ ಗಂಗಾವತಿಯಲ್ಲಿರುವ ನನ್ನ ತಂಗಿಯ ಲೆಕ್ಕ ಹೇಳುತ್ತೇನೆ. ಅವಳಿಗೆ ಹಳೇ ಕುರ್ತಿ ಒಂದೂ ಸರಿ ಇರಲಿಲ್ಲ, ಎಲ್ಲ ಬಿಗಿ. ಹಾಗಿದ್ದಾಗ ಮೈಯನ್ನೇ ಅಳೆಯಬೇಕು. ನನ್ನ ಹೆಂಡತಿ ಅಳೆದಳು, ನಾನು ಬರೆದುಕೊಂಡೆ. ಒಬ್ಬರೇ ಅಳೆದುಕೊಂಡರೆ ಬೆನ್ನ ಹಿಂದೆ ಟೇಪು ಜಾರಿದ್ದು ಗೊತ್ತಾಗುವುದಿಲ್ಲ. ಯಾರೂ ಇಲ್ಲದಿದ್ದರೆ ಕನ್ನಡಿ ಮುಂದೆ ಅಡ್ಡ ತಿರುಗಿ ನಿಂತು ನೋಡಿಕೊಳ್ಳಿ.

ದಪ್ಪ ಬಟ್ಟೆ ಬೇಡ. ತೆಳ್ಳಗಿನ ನೈಟಿಯೋ ಬನಿಯನ್ನೋ ಇದ್ದರೆ ಸಾಕು, ಒಳಗೆ ದಿನಾ ಹಾಕುವ ಬ್ರಾ ಇರಲಿ. ಊಟ ಆದ ಕೂಡಲೇ ಬೇಡ. ಸೊಂಟ ಬೆಳಿಗ್ಗೆಗೂ ಊಟದ ಮೇಲೆಯೂ ಅರ್ಧ ಇಂಚೋ ಜಾಸ್ತಿಯೋ ಬದಲಾಗುತ್ತದೆ.

ಎದೆ ಅಳೆಯುವಾಗ ಟೇಪು ಎದೆಯ ಅತಿ ತುಂಬಿದ ಭಾಗದ ಮೇಲೆ ಬರಬೇಕು, ಬೆನ್ನಿನಲ್ಲಿ ಅದೇ ಮಟ್ಟದಲ್ಲಿ ನೆಲಕ್ಕೆ ಸಮನಾಗಿ ಹೋಗಬೇಕು. ಟೇಪು ಹಿಡಿದ ಮೇಲೆ ಕೈ ಕೆಳಗಿಳಿಸಲು ಹೇಳಿ. ಕೈ ಮೇಲೆತ್ತಿದಾಗ ಎದೆ ಬೇರೆಯೇ ಅಳತೆ ತೋರಿಸುತ್ತದೆ. ಉಸಿರು ಮಾಮೂಲಿ ಬಿಟ್ಟಾಗ ಓದಿ. ಟೇಪಿನ ಕೆಳಗೆ ಒಂದು ಬೆರಳು ಸಲೀಸಾಗಿ ಹೋಗಬೇಕು, ಎರಡು ಹೋದರೆ ಸಡಿಲ. ಸೊಂಟ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಒಂದು ಪಕ್ಕಕ್ಕೆ ವಾಲಿ ನಿಲ್ಲಿ, ಮೈ ಮಡಚುವ ಜಾಗವೇ ಸೊಂಟ. ಅಲ್ಲೊಂದು ಲಾಡಿ ಕಟ್ಟಿಬಿಡಿ, ಅದರ ಮೇಲೆ ಟೇಪು ಹಿಡಿಯಿರಿ. ಸೀಟು ಅಳೆಯುವಾಗ ಎರಡೂ ಪಾದ ಜೋಡಿಸಿ ನಿಂತು, ಅತಿ ಅಗಲವಾದ ಜಾಗ ಸಿಗುವವರೆಗೆ ಟೇಪನ್ನು ಮೇಲೆ ಕೆಳಗೆ ಸರಿಸಿ. ಸೊಂಟದಿಂದ ಏಳೆಂಟು ಇಂಚು ಕೆಳಗೆ ಅದು ಸಿಗುತ್ತದೆ.

ತೋಳಿನ ಸುತ್ತಳತೆಯನ್ನೂ ಹಿಡಿಯಿರಿ, ಕಂಕುಳಿನಿಂದ ಎರಡು ಇಂಚು ಕೆಳಗೆ. ಎದೆಗೆ ಸರಿಯಾಗಿ ಆದ ಕುರ್ತಿ ತೋಳಿನಲ್ಲಿ ಬಿಗಿ ಅಂತ ಮೂಲೆ ಸೇರಿದ್ದು ಎಷ್ಟು ಮನೆಯಲ್ಲಿಲ್ಲ? ಚಾರ್ಟಿನಲ್ಲಿ ಇದು ಅಪರೂಪಕ್ಕೆ ಇರುತ್ತದೆ. ಕೊಂಡವರು ಬರೆದ ಅಭಿಪ್ರಾಯಗಳಲ್ಲಿ "ತೋಳು ಬಿಗಿ" ಅಂತ ಎರಡು ಮೂರು ಜನ ಬರೆದಿದ್ದಾರಾ ಅಂತ ಹುಡುಕಿ. ಭುಜವನ್ನು ಮಾತ್ರ ಮೈ ಮೇಲೆ ಅಳೆಯುವುದಕ್ಕಿಂತ ಸರಿಯಾಗಿ ಕೂರುವ ಒಂದು ಚೂಡಿದಾರ್ ಟಾಪನ್ನು ಹಾಸಿ, ಒಂದು ತೋಳಿನ ಹೊಲಿಗೆಯಿಂದ ಇನ್ನೊಂದಕ್ಕೆ ಬೆನ್ನಿನ ಮೇಲೆ ಅಳೆಯುವುದು ಸುಲಭ.

ತಂಗಿಯ ಅಳತೆ ಹೀಗೆ ಬಂತು: ಎದೆ 38, ಸೊಂಟ 35, ಸೀಟು 42, ಭುಜ 14.5. ಅವಳು ನೋಡಿಟ್ಟಿದ್ದ ಕಾಟನ್ ಕುರ್ತಿಯ ಚಾರ್ಟು ಹೀಗಿತ್ತು, ಬಟ್ಟೆಯ ಅಳತೆ, ಇಂಚಿನಲ್ಲಿ:

| ಸೈಜ್ | ಎದೆ | ಸೀಟು | ಭುಜ |
|---|---|---|---|
| M | 38 | 41 | 14 |
| L | 40 | 43 | 14.5 |
| XL | 42 | 45 | 15 |

"ಎದೆ 38 ಅಂದ್ರ M ಅಲ್ಲೇನಣ್ಣ?" ಅಂದಳು. ಮೈ ಅಳತೆಯ ಚಾರ್ಟು ಆಗಿದ್ದರೆ ಅವಳು ಹೇಳಿದ್ದೇ ಸರಿ. ಆದರೆ ಇದು ಬಟ್ಟೆಯದು. 38ರ ಮೈಗೆ 38ರ ಬಟ್ಟೆ ಹಾಕಿದರೆ ಕೈ ಎತ್ತುವ ಹಾಗಿಲ್ಲ. ಹಿಗ್ಗದ ನೇಯ್ಗೆಯ ಬಟ್ಟೆಗೆ ಎದೆಯಲ್ಲಿ ಕನಿಷ್ಠ 2 ಇಂಚು ಲೂಸ್ ಬೇಕು. ನಮ್ಮ ಕಡೆಯ ಬೇಸಿಗೆಗೆ 3 ಇದ್ದರೆ ಇನ್ನೂ ವಾಸಿ, ಬೆವರಿದಾಗ ಮೈಗೆ ಅಂಟುವುದಿಲ್ಲ.

ಹಾಗಾದರೆ L, ಅಲ್ವಾ? ಎದೆಯಲ್ಲಿ 2 ಇಂಚು ಲೂಸ್, ಭುಜ ಕರೆಕ್ಟ್. ನಾನೂ ಮೊದಲು ಅದನ್ನೇ ಹೇಳಹೊರಟಿದ್ದೆ. ಆಮೇಲೆ ಬಟ್ಟೆ ನೋಡಿದೆ, ಪೂರ್ತಿ ಕಾಟನ್. ಮೊದಲೇ ತೊಳೆದು ಹೊಲಿದಿದ್ದೇವೆ ಅಂತ ಎಲ್ಲೂ ಬರೆದಿರಲಿಲ್ಲ. ಅಂಥ ಕಾಟನ್ ಮೊದಲ ಒಗೆತಗಳಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗುವುದು ಮಾಮೂಲಿ. ಅಗಲಕ್ಕೆ ಬರೀ 3 ಅಂತ ಹಿಡಿಯಿರಿ. L ಸೈಜಿನ 40ರ ಎದೆ 38.8ಕ್ಕೆ ಇಳಿಯುತ್ತದೆ, ಉಳಿಯುವ ಲೂಸ್ ಒಂದು ಇಂಚೂ ಇಲ್ಲ. 43ರ ಸೀಟು 41.7 ಆಗುತ್ತದೆ, ಅವಳ 42ಕ್ಕಿಂತ ಕಡಿಮೆ. ತಂದ ದಿನ ಚೆಂದ ಕೂತು, ಎರಡನೇ ಸಲ ಹಾಕುವಾಗ ಬಿಗಿಯಾಗುವ ಕುರ್ತಿ ಅಂದರೆ ಇದೇ.

XLನಲ್ಲಿ ಎದೆ 42ರಿಂದ 40.7ಕ್ಕೆ ಬರುತ್ತದೆ, ಲೂಸ್ 2.7. ಸೀಟು 43.6, ಕೂತೇಳಲು ಸಾಕು. ಭುಜ 15ರಿಂದ 14.5ರ ಹತ್ತಿರಕ್ಕೇ ಬರುತ್ತದೆ. XL ತರಿಸಿದಳು. ಅದೇ ಕುರ್ತಿ ಪಾಲಿಯೆಸ್ಟರ್ ಆಗಿದ್ದರೆ ಕುಗ್ಗುವ ಮಾತಿಲ್ಲ, L ಅಂತಲೇ ಹೇಳುತ್ತಿದ್ದೆ. ರೇಯಾನ್ ಕೂಡ ಕಾಟನ್ನಿನ ಹಾಗೆ ಕುಗ್ಗುತ್ತದೆ, ಅದರ ನುಣುಪು ನೋಡಿ ಮೋಸ ಹೋಗಬೇಡಿ.

ಪಕ್ಕದಲ್ಲಿ ಸೀಳು ಇರುವ ನೇರ ಕುರ್ತಿಯಾದರೆ ಸೀಳು ಎಲ್ಲಿಂದ ಶುರುವಾಗುತ್ತದೆ ಅಂತ ಫೋಟೋದಲ್ಲಿ ನೋಡಿ. ಸೀಟಿಗಿಂತ ಮೇಲೆಯೇ ಶುರುವಾದರೆ ಸೀಟಿನ ಅಳತೆಗೆ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. ಕೆಳಗೆ ಶುರುವಾದರೆ ಎದೆಗಿಂತ ಮೊದಲು ಸೀಟು ನೋಡಿ.

ಎರಡು ಸೈಜಿನ ನಡುವೆ ಸಿಕ್ಕಿಕೊಂಡರೆ ದೊಡ್ಡದೇ ಒಳ್ಳೆಯದು, ಪಕ್ಕ ಹಿಡಿಸಿಕೊಳ್ಳುವುದು ಯಾವ ಟೈಲರ್‌ಗೂ ಹತ್ತು ನಿಮಿಷದ ಕೆಲಸ. ಭುಜ ಮುಕ್ಕಾಲು ಇಂಚಿಗಿಂತ ಹೆಚ್ಚು ದೊಡ್ಡದಾಗುತ್ತಿದ್ದರೆ ಮಾತ್ರ ಬೇಡ. ಭುಜ ಸರಿಮಾಡಬೇಕಾದರೆ ತೋಳು ಬಿಚ್ಚಬೇಕು, ಅದರ ಕೂಲಿಯಲ್ಲಿ ಅರ್ಧ ಕುರ್ತಿ ಬರುತ್ತದೆ. ಆಗ ಸಣ್ಣ ಸೈಜನ್ನೇ ತರಿಸಿ, ಒಳಗೆ ಮಾರ್ಜಿನ್ ಇದೆಯಾ ನೋಡಿ. ನಮ್ಮಲ್ಲಿ ಬಹಳಷ್ಟು ರೆಡಿಮೇಡ್ ಕುರ್ತಿಗಳಿಗೆ ಪಕ್ಕದ ಹೊಲಿಗೆಯಲ್ಲಿ ಬಿಡಿಸಿಕೊಳ್ಳುವಷ್ಟು ಬಟ್ಟೆ ಬಿಟ್ಟಿರುತ್ತಾರೆ. ತೋಳಿಲ್ಲದ ಕುರ್ತಿಗೆ ತೋಳನ್ನು ಬಿಡಿಯಾಗಿ ಒಳಗೆ ಇಟ್ಟು ಕಳಿಸುವುದೂ ಇದೆ. ಪ್ಯಾಕೆಟ್ ಎಸೆಯುವ ಮುಂಚೆ ಒಳಗೆ ಕೈಹಾಕಿ ನೋಡಿ.

ಮಾಡೆಲ್ ನೋಡಿ ಸೈಜ್ ಆರಿಸಬೇಡಿ. "ಮಾಡೆಲ್ ಎತ್ತರ 5 ಅಡಿ 8 ಇಂಚು, ಹಾಕಿರುವುದು S" ಅಂತ ಬರೆದಿರುತ್ತಾರೆ. ಅದರಿಂದ ಉಪಯೋಗ ಒಂದೇ. ಅವರಿಗೆ ಮಂಡಿಗೆ ಬಂದ ಕುರ್ತಿ 5 ಅಡಿಯವರಿಗೆ ಮಂಡಿಯ ಕೆಳಗೆ ಇಳಿಯುತ್ತದೆ. ಉದ್ದಕ್ಕೆ ಚಾರ್ಟಿನ Length ನೋಡಿ, ಕುತ್ತಿಗೆ ಪಕ್ಕದ ಭುಜದ ತುದಿಯಿಂದ ನೇರ ಕೆಳಗೆ ಟೇಪು ಬಿಟ್ಟು ಎಲ್ಲಿಗೆ ಬರುತ್ತದೆ ಅಂತ ಕನ್ನಡಿಯಲ್ಲೇ ನೋಡಿಕೊಳ್ಳಿ. ಮಕ್ಕಳ ಬಟ್ಟೆಗೂ ವಯಸ್ಸಿನ ಬದಲು ಎತ್ತರದ ಕಾಲಂ ನೋಡಿ. 7-8 ವರ್ಷ ಅಂತ ಇದ್ದರೆ ಯಾರ ಮನೆಯ 7 ವರ್ಷ?

ಪಾರ್ಸೆಲ್ ಬಂದ ಮೇಲೆ

ಹಾಕಿ ನೋಡುವ ಮುಂಚೆ ಟೇಪು ಹಿಡಿಯಿರಿ. ಚಾರ್ಟಿನಲ್ಲಿ ಹೇಳಿದ್ದಕ್ಕೂ ಕೈಗೆ ಬಂದದ್ದಕ್ಕೂ ಅರ್ಧ ಇಂಚು ಆಚೆ ಈಚೆ ಇದ್ದರೆ ಸುಮ್ನೆ ಬಿಡಿ, ಅದು ಹೊಲಿಗೆಯಲ್ಲಿ ಬರುವಂಥದ್ದೇ. ಒಂದು ಇಂಚಿಗಿಂತ ಹೆಚ್ಚಿದ್ದರೆ ಟೇಪು ಇಟ್ಟು, ನಂಬರ್ ಕಾಣುವ ಹಾಗೆ ಫೋಟೋ ತೆಗೆಯಿರಿ. ವಾಪಸ್ ಕಳಿಸುವಾಗ "ಸೈಜ್ ಸರಿ ಇಲ್ಲ" ಅನ್ನುವ ಬದಲು "ಚಾರ್ಟಿನಲ್ಲಿ 40, ಬಂದದ್ದು 38.5" ಅಂತ ಬರೆದು ಆ ಫೋಟೋ ಹಾಕಿದರೆ ಮಾತು ಬೇಗ ಮುಗಿಯುತ್ತದೆ.

ಹಾಕಿ ನೋಡುವಾಗ ಟ್ಯಾಗ್ ಕೀಳಬೇಡಿ, ಕುಂಕುಮ, ಪೌಡರ್, ಎಣ್ಣೆ ಹತ್ತದ ಹಾಗೆ ನೋಡಿಕೊಳ್ಳಿ. ನಿಂತು ಕನ್ನಡಿ ನೋಡಿದರೆ ಸಾಲದು. ಪ್ಯಾಂಟಾದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಎದ್ದು ನೋಡಿ. ಕುರ್ತಿಯಾದರೆ ಎರಡೂ ಕೈ ಮುಂದೆ ಚಾಚಿ ಬೈಕಿನ ಹ್ಯಾಂಡಲ್ ಹಿಡಿದ ಹಾಗೆ ಮಾಡಿ. ಬೆನ್ನು, ಕಂಕುಳು ಎಳೆದರೆ ಸೈಜ್ ಸಾಲದು. ಎದೆಯ ಮೇಲೆ ಅಡ್ಡ ಗೆರೆ ಎದ್ದರೂ ಅಷ್ಟೇ.

ಇನ್ನೊಂದು ವಿಷಯವನ್ನು ಆರ್ಡರ್ ಮಾಡುವ ಮುಂಚೆಯೇ ನೋಡಿಟ್ಟುಕೊಳ್ಳಿ. ಬಟ್ಟೆ ತಂದುಕೊಡುವ ಊರಿಗೆಲ್ಲ ವಾಪಸ್ ಒಯ್ಯಲು ಬರುತ್ತಾರೆ ಅಂತ ಇಲ್ಲ. ಬಳ್ಳಾರಿ, ರಾಯಚೂರು ಪೇಟೆಗೆ ಬರುವವರು ಕೆಲವು ಹಳ್ಳಿಗಳ ಪಿನ್ ಕೋಡಿಗೆ ಬರುವುದಿಲ್ಲ. ಆಗ ನೀವೇ ಕೊರಿಯರ್ ಮಾಡಬೇಕು. ಪಿನ್ ಕೋಡ್ ಹಾಕಿದ ಕೂಡಲೇ ರಿಟರ್ನ್ ಬಗ್ಗೆ ಏನು ತೋರಿಸುತ್ತದೆ ಓದಿ. ಅಳಿಯನ ಎರಡನೇ ಪ್ಯಾಂಟಿಗೆ ಹೀಗೇ ಆಗಿತ್ತು. ಅದನ್ನು ಅವನು ನನ್ನ ಅಕ್ಕನ ಹಳ್ಳಿಯ ವಿಳಾಸಕ್ಕೆ ತರಿಸಿದ್ದ. ಈಗ ಅದು ನಮ್ಮ ಮನೆಯಲ್ಲಿದೆ. ರೈಸ್ 8.5, ಸೊಂಟ 35. ನನ್ನ ದೊಡ್ಡ ಮಗನಿಗೆ ಅಳೆದು ನೋಡಿದೆ, ಸರಿಯಾಗಿ ಆಗುತ್ತದೆ.